ಬೆಳಕಿಂಡಿ ಆರಿಸುವಾಗ: ಮೊದಲು ಕಟ್ಟೆ, ಆಮೇಲೆ ಅಳತೆ, ಕೊನೆಗೆ ಗಾಜು

ಛಾವಣಿಗೆ ಸ್ಕೈಲೈಟ್ ಇಡಿಸಲು ಹೊರಟವರು ಮೊದಲು ಕೇಳುವುದು ಗಾಜಿನ ವಿಚಾರ. ಒಂಟಿ ಗಾಜೋ ಜೋಡಿ ಗಾಜೋ, ಬಿಳಿಯದೋ ಬಣ್ಣದ್ದೋ, ಗಾಜೇ ಬೇಕೋ ಪಾಲಿಕಾರ್ಬೊನೇಟ್ ಸಾಕೋ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಒಂದೆರಡು ಮಳೆಗಾಲ, ಒಂದೆರಡು ಬೇಸಿಗೆ ಕಳೆದ ಮೇಲೆ ಬೆಳಕಿಂಡಿಯ ಮೇಲೆ ಬರುವ ದೂರುಗಳು ಮುಖ್ಯವಾಗಿ ಎರಡು: ಸೋರುತ್ತದೆ, ಇಲ್ಲವೇ ಸುಡುತ್ತದೆ. ಸೋರುವುದಕ್ಕೆ ಗಾಜು ಕಾರಣವಾಗುವುದು ಅಪರೂಪ, ಹೆಚ್ಚಿನ ಸಲ ಅದರ ಕೆಳಗಿನ ಕಟ್ಟೆಯೇ ಕಾರಣ. ಸುಡುವುದರಲ್ಲಿ ಗಾಜಿನ ಪಾಲು ಇದೆ, ಆದರೆ ಬೇಕಾದದ್ದಕ್ಕಿಂತ ದೊಡ್ಡ ಕಿಂಡಿ ತೆಗೆಸಿದ್ದರ ಪಾಲೂ ಅಷ್ಟೇ ಇರುತ್ತದೆ. ಹಾಗಾಗಿ ಆಯ್ಕೆಯ ಕ್ರಮವನ್ನು ತಿರುವಿ ಹಾಕಿ ನೋಡೋಣ.

ಉದಾಹರಣೆಗೆ ಒಂದೇ ಛಾವಣಿಯನ್ನು ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ. ಸಮತಟ್ಟಾದ ಆರ್‌ಸಿಸಿ ಛಾವಣಿ. ಕೆಳಗೆ 4 ಮೀಟರ್ ಉದ್ದ, 4 ಮೀಟರ್ ಅಗಲದ ಹಾಲ್. ಅದರ ನಡುವೆ 1.2 ಮೀಟರ್ ಚದರದ ಕಿಂಡಿ ಬೇಕು ಎಂದು ಮನೆಯವರ ಆಸೆ. ಮಳೆನೀರು ಇಳಿಯುವ ಪೈಪ್ ಕಿಂಡಿಯಿಂದ 6 ಮೀಟರ್ ದೂರದಲ್ಲಿದೆ.

## ಕಟ್ಟೆಯ ಎತ್ತರವನ್ನು ಎಲ್ಲಿಂದ ಅಳೆಯುವುದು

ಕಿಂಡಿಯ ಸುತ್ತ ಸ್ಲ್ಯಾಬ್‌ನಿಂದ ಮೇಲಕ್ಕೆ ಎಬ್ಬಿಸುವ ಕಟ್ಟೆಗೆ ಅಪ್‌ಸ್ಟ್ಯಾಂಡ್ ಎನ್ನುತ್ತಾರೆ. ಛಾವಣಿಯ ಮೇಲೆ ಹರಿಯುವ ನೀರು, ಬಿದ್ದು ಚಿಮ್ಮುವ ಹನಿ, ಪೈಪ್ ಕಟ್ಟಿಕೊಂಡಾಗ ನಿಲ್ಲುವ ನೀರು ಇವು ಮೂರೂ ಚೌಕಟ್ಟಿನವರೆಗೆ ಏರದಂತೆ ತಡೆಯುವುದು ಅದರ ಕೆಲಸ. ಸಾಮಾನ್ಯವಾಗಿ ಒಪ್ಪಿಕೊಂಡ ಕನಿಷ್ಠ ಎತ್ತರ 150 ಮಿಮೀ. ಈ ಸಂಖ್ಯೆ ಬಹಳ ಜನಕ್ಕೆ ಗೊತ್ತು. ಅದನ್ನು ಎಲ್ಲಿಂದ ಅಳೆಯಬೇಕು ಎನ್ನುವಲ್ಲಿ ಎಡವುತ್ತಾರೆ. 150 ಮಿಮೀ ಬೇಕಿರುವುದು ಸ್ಲ್ಯಾಬ್‌ನಿಂದಲ್ಲ, ಎಲ್ಲ ಕೆಲಸ ಮುಗಿದ ಮೇಲೆ ಕಾಲಿಟ್ಟು ನಡೆಯುವ ಮೇಲ್ಮೈಯಿಂದ.

ನಮ್ಮ ಛಾವಣಿಯಲ್ಲೇ ಲೆಕ್ಕ ಹಾಕಿ. ನೀರು ಹರಿಯಲು 80ಕ್ಕೆ 1ರ ಇಳಿಜಾರು ಕೊಟ್ಟರೆ 6 ಮೀಟರ್ ದೂರಕ್ಕೆ 75 ಮಿಮೀ ಏರುತ್ತದೆ. ಪೈಪ್ ಬಾಯಲ್ಲಿ ಇಳಿಜಾರಿನ ಕಾಂಕ್ರೀಟ್ ಕನಿಷ್ಠ 40 ಮಿಮೀ ಇರಬೇಕು. ಅಂದರೆ ಕಿಂಡಿಯ ಹತ್ತಿರ ಅದು 115 ಮಿಮೀ ದಪ್ಪ. ಅದರ ಮೇಲೆ ಟೈಲ್ಸ್ ಮತ್ತು ಗಾರೆಗೆ 30 ಮಿಮೀ. ಒಟ್ಟು 145. ಸ್ಲ್ಯಾಬ್ ಹಾಕುವಾಗ 150 ಮಿಮೀ ಕಟ್ಟೆ ಎಬ್ಬಿಸಿದ್ದರೆ ಕೊನೆಗೆ ಉಳಿಯುವುದು 5 ಮಿಮೀ. ಯಾರೂ ತಪ್ಪು ಮಾಡಲಿಲ್ಲ, ನಕ್ಷೆಯಲ್ಲಿ ಬರೆದ 150 ಅಲ್ಲಿಯೇ ಇದೆ, ಆದರೆ ಕಟ್ಟೆ ಮಾತ್ರ ನೆಲದೊಳಗೆ ಹೂತುಹೋಗಿದೆ. ಈ ಛಾವಣಿಗೆ ಬೇಕಾದದ್ದು 145 ಮತ್ತು 150 ಸೇರಿಸಿ ಸುಮಾರು 300 ಮಿಮೀ. ಶಾಖ ತಡೆಯುವ ಫೋಮ್ ಹಲಗೆ ಹಾಕುವುದಿದ್ದರೆ ಅದರ ದಪ್ಪವೂ ಸೇರಬೇಕು.

ಗಾಜನ್ನು ಪೂರ್ತಿ ಮಟ್ಟಸವಾಗಿ ಮಲಗಿಸಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದೂ ಕಟ್ಟೆಯ ಲೆಕ್ಕಕ್ಕೇ ಸೇರುವಂಥದ್ದು. ಮಟ್ಟಸ ಗಾಜಿನ ಅಂಚಿನಲ್ಲಿ ನೀರು ನಿಂತು ದೂಳು ಹೆಪ್ಪುಗಟ್ಟುತ್ತದೆ, ಆ ಒದ್ದೆ ಕೆಸರು ಗಾಜಿಗೂ ಚೌಕಟ್ಟಿಗೂ ನಡುವೆ ಕೂರುವ ರಬ್ಬರ್ ಪಟ್ಟಿಯನ್ನು, ಅಂದರೆ ಗ್ಯಾಸ್ಕೆಟ್ ಅನ್ನು, ಸದಾ ನೆನೆಸುತ್ತಿರುತ್ತದೆ. ಕನಿಷ್ಠ 5 ಡಿಗ್ರಿ ವಾಲು ಬೇಕು. 1.2 ಮೀಟರ್ ಅಗಲಕ್ಕೆ ಅದು ಸುಮಾರು 105 ಮಿಮೀ. ಅಂದರೆ ಒಂದು ಬದಿಯ ಕಟ್ಟೆ 300 ಆದರೆ ಎದುರು ಬದಿಯದು 405 ಮಿಮೀ. ಇದನ್ನು ಶಟರಿಂಗ್ ಹೊಡೆಯುವ ಮೊದಲೇ ತೀರ್ಮಾನಿಸಿದರೆ ಖರ್ಚು ಬಹುತೇಕ ಏನೂ ಇಲ್ಲ. ಆಮೇಲೆ ಗಾರೆ ಬಳಿದು ವಾಲು ತರಿಸಲು ಹೋದರೆ ಆ ಗಾರೆಯೇ ಮೊದಲು ಬಿರುಕು ಬಿಡುತ್ತದೆ.

## ಮೂರು ಬಗೆಯ ಕಟ್ಟೆ

ಮೊದಲನೆಯದು ಸ್ಲ್ಯಾಬ್‌ನ ಜೊತೆಗೇ ಎರಕ ಹೊಯ್ದ ಕಾಂಕ್ರೀಟ್ ಕಟ್ಟೆ. ಎರಡನೆಯದು ಸ್ಲ್ಯಾಬ್ ಆದ ಮೇಲೆ ಇಟ್ಟಿಗೆ ಅಥವಾ ಬ್ಲಾಕ್ ಇಟ್ಟು ಕಟ್ಟಿ ಗಾರೆ ಬಳಿದದ್ದು. ಮೂರನೆಯದು ಕಾರ್ಖಾನೆಯಲ್ಲಿ ಲೋಹದ ತಗಡಿನಲ್ಲಿ ಅಥವಾ ಫೈಬರ್‌ಗ್ಲಾಸ್‌ನಲ್ಲಿ ಮಾಡಿ ತಂದು ಸ್ಲ್ಯಾಬ್‌ಗೆ ಬೋಲ್ಟ್ ಹಾಕುವಂಥದ್ದು.

ಹೊಸ ಕಟ್ಟಡವಾದರೆ ನನ್ನ ಮತ ಮೊದಲನೆಯದಕ್ಕೆ. ಸ್ಲ್ಯಾಬ್ ಮತ್ತು ಕಟ್ಟೆ ಒಂದೇ ಎರಕವಾದರೆ ನಡುವೆ ಸಂದೇ ಇರುವುದಿಲ್ಲ. ಒಂದೇ ದಿನ ಪೂರ್ತಿ ಎತ್ತರ ಹೊಯ್ಯಲಾಗದಿದ್ದರೆ ಕನಿಷ್ಠ ಬುಡದ 100 ಮಿಮೀ ಆದರೂ ಸ್ಲ್ಯಾಬ್ ಜೊತೆಗೇ ಬರಲಿ. ಉಳಿದದ್ದನ್ನು ಸರಳುಗಳನ್ನು ಮೇಲಕ್ಕೆ ಬಿಟ್ಟು ಮರುದಿನ ಹೊಯ್ಯಬಹುದು. ಹಾಗೆ ಮಾಡಿದರೆ ಹಳೆ ಹೊಸ ಕಾಂಕ್ರೀಟ್ ಸೇರುವ ಗೆರೆ ಸ್ಲ್ಯಾಬ್ ಮಟ್ಟದಿಂದ ಮೇಲಕ್ಕೆ ಹೋಗುತ್ತದೆ.

ಇಟ್ಟಿಗೆ ಕಟ್ಟೆ ಎಲ್ಲೆಲ್ಲೂ ಕಾಣುವಂಥದ್ದು, ಹೆಚ್ಚು ಸೋರುವುದೂ ಅದೇ. ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುತ್ತದೆ, ಅದರ ಮೇಲೆ ಕೂತ ಇಟ್ಟಿಗೆ ಬೇರೆಯದೇ ಲೆಕ್ಕದಲ್ಲಿ ಚಲಿಸುತ್ತದೆ. ಹಾಗಾಗಿ ಬುಡದಲ್ಲಿ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಜೊತೆಗೆ ಇಟ್ಟಿಗೆ ನೀರು ಕುಡಿಯುತ್ತದೆ. ವಾಟರ್‌ಪ್ರೂಫಿಂಗ್ ಅನ್ನು ಕಟ್ಟೆಯ ಅರ್ಧದವರೆಗೆ ಮಾತ್ರ ಏರಿಸಿ ಮೇಲೆ ಗಾರೆ ಬಳಿದಿದ್ದರೆ, ನೀರು ಆ ಗಾರೆಯ ಬಿರುಕಿನಲ್ಲಿ ಇಳಿದು, ವಾಟರ್‌ಪ್ರೂಫಿಂಗ್‌ನ ಹಿಂದೆ ಹಾದು, ಇಟ್ಟಿಗೆಯೊಳಗಿಂದಲೇ ಕೋಣೆಗೆ ಬರುತ್ತದೆ. ಇಂಥ ಸೋರಿಕೆಗೆ ಹೊರಗಿನಿಂದ ಎಷ್ಟು ಪದರ ಬಳಿದರೂ ಉಪಯೋಗವಿಲ್ಲ. ಇಟ್ಟಿಗೆಯೇ ಗತಿ ಎಂದಾದರೆ ವಾಟರ್‌ಪ್ರೂಫಿಂಗ್ ಹಾಳೆ ಕಟ್ಟೆಯ ಹೊರಮೈ ಏರಿ, ನೆತ್ತಿ ದಾಟಿ, ಒಳಮೈಗೆ 50 ಮಿಮೀಯಷ್ಟಾದರೂ ಇಳಿಯಬೇಕು. ಆಗ ಇಟ್ಟಿಗೆಗೆ ನೀರು ಸೋಕುವ ದಾರಿಯೇ ಇರುವುದಿಲ್ಲ.

ಮೂರನೆಯದು ಹಳೆಯ ಛಾವಣಿಯಲ್ಲಿ ಹೊಸದಾಗಿ ಕಿಂಡಿ ಕೊರೆಯುವಾಗ ಹೊಂದುತ್ತದೆ. ಹಗುರ, ಅಳತೆ ಕರಾರುವಾಕ್ಕು, ಸಂದುಗಳು ಕಾರ್ಖಾನೆಯಲ್ಲೇ ಬೆಸೆದು ಬಂದಿರುತ್ತವೆ. ಅದರ ಬುಡದ ಅಗಲವಾದ ಪಟ್ಟಿ ಸ್ಲ್ಯಾಬ್ ಮೇಲೆ ಕೂತು, ಹಾಳೆ ಅದರ ಮೇಲೆ ಹಾದು ಏರಬೇಕು. ಒಳಪದರ ಇಲ್ಲದ ಬರಿ ತಗಡಿನ ಕಟ್ಟೆ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಯಲ್ಲಿ ಒಳಗೆ ಬೆವರುತ್ತದೆ. ಎರಡು ತಗಡಿನ ನಡುವೆ ಫೋಮ್ ತುಂಬಿದ್ದನ್ನೇ ಕೇಳಿ. ಇನ್ನೊಂದು ಮಾತು: ಹಳೆ ಸ್ಲ್ಯಾಬ್ ಕೊರೆದರೆ ಒಳಗಿನ ಕಬ್ಬಿಣದ ಸರಳುಗಳು ತುಂಡಾಗುತ್ತವೆ. ಎಲ್ಲಿ, ಎಷ್ಟು ಕೊರೆಯಬಹುದು ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳುವವರೆಗೆ ಕಟರ್ ಮುಟ್ಟಬೇಡಿ.

ಯಾವ ಬಗೆಯದಾದರೂ ನಾನು ನೋಡುವ ಜಾಗಗಳು ಕೆಲವೇ. ಸ್ಲ್ಯಾಬ್ ಮತ್ತು ಕಟ್ಟೆ ಕೂಡುವ ಮೂಲೆ ನೇರ ಕೋನವಾಗಿ ಇರಬಾರದು. ಗಾರೆ ತುಂಬಿ 50 ಮಿಮೀಯಷ್ಟು ಓರೆ ಮಾಡಿದ ಮೇಲೆ ಹಾಳೆ ಏರಬೇಕು. ನೇರ ಮೂಲೆಯಲ್ಲಿ ಹಾಳೆ ಗೋಡೆಗೆ ಅಂಟದೆ ಸೇತುವೆಯಂತೆ ನಿಂತು, ಕಾಲು ಬಿದ್ದಾಗ ಹರಿಯುತ್ತದೆ. ಕಟ್ಟೆಯ ನಾಲ್ಕು ಹೊರ ಮೂಲೆಗಳಲ್ಲಿ ಹಾಳೆಯನ್ನು ಕತ್ತರಿಸಿ ಮಡಿಸಲೇಬೇಕಾಗುತ್ತದೆ, ಅಲ್ಲಿ ಇನ್ನೊಂದು ತುಂಡು ಮೇಲಿಂದ ಬೆಸೆದಿದ್ದಾರೆಯೇ ನೋಡಿ. ನೀರು ಬರುವ ಕಡೆಯಿಂದ ಕಟ್ಟೆ ಅಡ್ಡಗೋಡೆಯಾಗಿ ನಿಲ್ಲುತ್ತದೆ, ಅಲ್ಲಿ ನಡುವೆ ಎತ್ತರ ಮಾಡಿ ನೀರು ಎಡಬಲಕ್ಕೆ ಸರಿಯುವಂತೆ ಬೆನ್ನು ಕಟ್ಟಿಸಿ. ಪ್ಯಾರಪೆಟ್‌ಗೂ ಕಟ್ಟೆಗೂ ನಡುವೆ ಕನಿಷ್ಠ 300 ಮಿಮೀ ಬಿಡಿ, ಇಲ್ಲದಿದ್ದರೆ ಹಾಳೆ ಬೆಸೆಯುವವನ ಕೈಯೇ ಅಲ್ಲಿ ಹೋಗುವುದಿಲ್ಲ.

ಇನ್ನು ಚೌಕಟ್ಟು ಕೂರಿಸುವುದು. ಚೌಕಟ್ಟಿನ ಅಂಚು ಕಟ್ಟೆಯ ಹೊರಗೆ ಚಾಚಿ ಕೆಳಕ್ಕೆ 50 ಮಿಮೀಯಾದರೂ ಇಳಿಬಿದ್ದಿರಬೇಕು, ಮುಚ್ಚಳ ಡಬ್ಬಿಯ ಬಾಯಿಯನ್ನು ಹೊರಗಿಂದ ಹಿಡಿದಂತೆ. ಸ್ಕ್ರೂಗಳನ್ನು ಆ ಇಳಿಬಿದ್ದ ಅಂಚಿನ ಮೂಲಕ ಪಕ್ಕದಿಂದ ಹಾಕಬೇಕು. ಕಟ್ಟೆಯ ನೆತ್ತಿಗೆ ಮೇಲಿಂದ ಹೊಡೆದ ಪ್ರತಿ ಸ್ಕ್ರೂ ಹಾಳೆಯಲ್ಲಿ ಒಂದು ತೂತು, ಆ ತೂತಿನ ಮೇಲೆ ಮಳೆ ನೇರವಾಗಿ ಬೀಳುತ್ತದೆ. ಸುತ್ತ ಸಿಲಿಕೋನ್ ಬಳಿದಿದ್ದೇವೆ ಎಂಬ ಸಮಾಧಾನ ಹೆಚ್ಚು ಕಾಲ ನಿಲ್ಲುವುದಿಲ್ಲ. ನೀರನ್ನು ತಡೆಯಬೇಕಾದದ್ದು ಚೌಕಟ್ಟಿನ ಆಕಾರ, ಸಿಲಿಕೋನ್ ಅದಕ್ಕೆ ಬರಿಯ ಸಹಾಯಕ. ಹುಳಿ ವಾಸನೆಯ ಸಿಲಿಕೋನ್ ಅಂತೂ ಇಲ್ಲಿ ಬೇಡವೇ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ಕಾಂಕ್ರೀಟ್ ಮೇಲೆ ಹಿಡಿತ ಕೆಡಿಸುತ್ತದೆ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಸೇರಿಸಿದ ಲ್ಯಾಮಿನೇಟೆಡ್ ಗಾಜಿನ ಅಂಚಿನಲ್ಲಿ ಆ ಪದರವನ್ನೂ ಬಿಡಿಸುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ತನ್ನಿ.

ಚೌಕಟ್ಟು ಬರುವ ಮೊದಲೇ ಒಂದು ಪರೀಕ್ಷೆ ಮಾಡಿಸಿ. ಕಟ್ಟೆಯ ಸುತ್ತ ಸಣ್ಣ ಬದು ಕಟ್ಟಿ 50 ಮಿಮೀ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. ಟೈಲ್ಸ್ ಹಾಕಿದ ಮೇಲೆ ಇದೇ ಸೋರಿಕೆಯನ್ನು ಹುಡುಕಲು ಎಲ್ಲವನ್ನೂ ಒಡೆಯಬೇಕಾಗುತ್ತದೆ.

## ಆಗಲೇ ಸೋರುತ್ತಿದ್ದರೆ, ಎಲ್ಲಿಂದ?

ಸೋರುವ ಹೊತ್ತೇ ಅರ್ಧ ಉತ್ತರ ಕೊಡುತ್ತದೆ. ಮಳೆ ನಿಂತು ಕೆಲವು ಗಂಟೆ ಆದ ಮೇಲೂ ಹನಿಯುತ್ತಿದ್ದರೆ, ಕಲೆ ಕಿಂಡಿಯ ಅಂಚಿನಿಂದ ದೂರ ಸ್ಲ್ಯಾಬ್‌ನ ತಳದಲ್ಲಿ ಹಬ್ಬಿದ್ದರೆ, ಬುಡದ ಸಂದನ್ನು ಅನುಮಾನಿಸಿ. ಇಳಿಜಾರಿನ ಕಾಂಕ್ರೀಟ್‌ನಲ್ಲಿ ಕೂಡಿಕೊಂಡ ನೀರು ನಿಧಾನವಾಗಿ ಇಳಿಯುತ್ತಿರುತ್ತದೆ. ಗಾಳಿ ಸಹಿತ ಮಳೆಗೆ ಮಾತ್ರ ಸೋರಿದರೆ ಚೌಕಟ್ಟಿನ ಇಳಿಅಂಚು ಗಿಡ್ಡವಾಗಿದೆ ಅಥವಾ ಕಟ್ಟೆಯ ನೆತ್ತಿಯಲ್ಲಿ ಹಾಳೆ ಇಲ್ಲ. ಮಳೆ ಶುರುವಾದ ಕೂಡಲೇ ಗಾಜಿನ ಅಂಚಿನಿಂದಲೇ ಇಳಿದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಚೌಕಟ್ಟಿನ ತೂತುಗಳು ಮುಚ್ಚಿವೆ.

ಆ ತೂತುಗಳ ಕತೆ ಸ್ವಲ್ಪ ಹೇಳಬೇಕು. ಗ್ಯಾಸ್ಕೆಟ್ ದಾಟಿ ಒಂದಿಷ್ಟು ನೀರು ಬಂದೇ ಬರುತ್ತದೆ ಎಂದು ಗೊತ್ತಿದ್ದೇ ಚೌಕಟ್ಟಿನೊಳಗೆ ಸಣ್ಣ ಕಾಲುವೆ ಮಾಡಿ, ಕೆಳ ಅಂಚಿನಲ್ಲಿ ಹೊರಕ್ಕೆ ತೂತು ಬಿಟ್ಟಿರುತ್ತಾರೆ. ಸೋರುತ್ತದೆ ಎಂದು ಕರೆದಾಗ ಬಂದವರು ಸುತ್ತಲೂ ಸಿಲಿಕೋನ್ ಬಳಿದು ಈ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಆಮೇಲೆ ಕಾಲುವೆ ತುಂಬಿ, ಹೊರಗೆ ಹೋಗಬೇಕಾದ ನೀರು ಒಳಗೆ ಉಕ್ಕುತ್ತದೆ. ದುರಸ್ತಿಯಾದ ಮೇಲೆ ಸೋರುವುದು ಜಾಸ್ತಿಯಾಯಿತು ಎಂದರೆ ಮೊದಲು ತೂತು ಹುಡುಕಿ ಬಿಡಿಸಿ.

ಮಳೆಯೇ ಇಲ್ಲದೆ ತಣ್ಣನೆಯ ಬೆಳಗ್ಗೆ ಹನಿ ಬಿದ್ದರೆ ಅದು ಸೋರಿಕೆಯಲ್ಲ, ಒಳಗಿನ ಗಾಳಿಯ ತೇವ ಗಾಜಿಗೆ ಬೆವರಾಗಿ ಕಟ್ಟಿದ್ದು. ಕೋಣೆ 22 ಡಿಗ್ರಿ, ತೇವಾಂಶ ಶೇ 65 ಇದ್ದರೆ ಸುಮಾರು 15 ಡಿಗ್ರಿಗಿಂತ ತಂಪಾದ ಯಾವ ಮೈ ಮೇಲೂ ನೀರು ಕಟ್ಟುತ್ತದೆ. ಹೊರಗೆ 8 ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ ಈ ಗೆರೆಗಿಂತ ಕೆಳಗೆ ಇಳಿಯುತ್ತದೆ, ಒಳ್ಳೆಯ ಜೋಡಿ ಗಾಜಿನದು 19ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಜೋಡಿ ಗಾಜು ಹಾಕಿಯೂ ಬರಿ ಅಲ್ಯುಮಿನಿಯಂ ಚೌಕಟ್ಟು ಬಳಸಿದ್ದರೆ ಆ ಲೋಹವೇ ಬೆವರುತ್ತದೆ. ಚಳಿ ಇರುವ ಕಡೆ ಒಳಹೊರ ಲೋಹದ ನಡುವೆ ಪ್ಲಾಸ್ಟಿಕ್ ಪಟ್ಟಿ ಇರುವ, ಥರ್ಮಲ್ ಬ್ರೇಕ್ ಎನ್ನುವ ಚೌಕಟ್ಟು ಬೇಕು.

ಇನ್ನೂ ಗೊತ್ತಾಗದಿದ್ದರೆ ಪೈಪಿನಿಂದ ನೀರು ಬಿಟ್ಟು ನೋಡುವುದೇ ದಾರಿ, ಕೆಳಗಿನಿಂದ ಮೇಲಕ್ಕೆ. ಮೊದಲು ಬುಡಕ್ಕೆ ಮಾತ್ರ 20 ನಿಮಿಷ. ಒಳಗೆ ಹನಿಯದಿದ್ದರೆ ಕಟ್ಟೆಯ ಮೈಗೆ, ಆಮೇಲೆ ಚೌಕಟ್ಟಿನ ಅಂಚಿಗೆ, ಕೊನೆಗೆ ಗಾಜಿಗೆ. ಮೇಲಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

## ಸುಡುವುದು: ಮೊದಲು ಅಳತೆ

ಬಿಸಿಲು ನೆತ್ತಿಯ ಮೇಲಿರುವಾಗ ಮಟ್ಟಸವಾದ ಒಂದು ಚದರ ಮೀಟರ್ ಮೇಲೆ ಬೀಳುವ ಶಾಖ ಸುಮಾರು 900 ವ್ಯಾಟ್. ನಮ್ಮ 1.2 ಮೀಟರ್ ಚದರದ ಕಿಂಡಿ 1.44 ಚದರ ಮೀಟರ್. ಅದರ ಮೇಲೆ ಬೀಳುವುದು ಸುಮಾರು 1,300 ವ್ಯಾಟ್. 5 ಡಿಗ್ರಿ ವಾಲಿನಿಂದ ಈ ಲೆಕ್ಕ ಹೆಚ್ಚೇನೂ ಬದಲಾಗದು. ಗೋಡೆಯ ಕಿಟಕಿಗೆ ನಡುಹಗಲಿನ ಬಿಸಿಲು ಓರೆಯಾಗಿ ಬೀಳುತ್ತದೆ, ಸಜ್ಜೆಯೂ ಇರುತ್ತದೆ. ಛಾವಣಿಯ ಕಿಂಡಿಗೆ ಎರಡೂ ಇಲ್ಲ. ಗೋಡೆಗೆ ಸಾಕೆನಿಸಿದ ಗಾಜು ಛಾವಣಿಯಲ್ಲಿ ಸಾಲದೆ ಹೋಗುವುದು ಇದಕ್ಕೇ.

ಗಾಜಿನ ಮಾಹಿತಿ ಪತ್ರದಲ್ಲಿ ಮೂರು ಸಂಖ್ಯೆ ಇರುತ್ತವೆ. ಬಿದ್ದ ಬೆಳಕಿನಲ್ಲಿ ಶೇಕಡ ಎಷ್ಟು ಒಳಗೆ ಬರುತ್ತದೆ ಎಂಬುದು ವಿಎಲ್‌ಟಿ. ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಸೇರುತ್ತದೆ ಎಂಬುದು ಎಸ್‌ಎಚ್‌ಜಿಸಿ, 0ಯಿಂದ 1ರ ನಡುವಿನ ಸಂಖ್ಯೆ. ಒಳಹೊರಗಿನ ತಾಪಮಾನದ ವ್ಯತ್ಯಾಸದಿಂದ ಎಷ್ಟು ಶಾಖ ದಾಟುತ್ತದೆ ಎಂಬುದು ಯು-ಮೌಲ್ಯ. ಮಾರುವವರು ಬಹಳ ಸಲ ಮುಂದೆ ಹಿಡಿಯುವುದು ಈ ಕೊನೆಯದನ್ನು. ಆದರೆ ಸೆಕೆಯ ಪ್ರದೇಶದಲ್ಲಿ ಅದರ ಪಾಲು ಎಷ್ಟು ನೋಡಿ: ಹೊರಗೆ 38, ಒಳಗೆ 28 ಡಿಗ್ರಿ ಇದ್ದಾಗ ಒಂಟಿ ಗಾಜಿನ (ಯು-ಮೌಲ್ಯ ಸುಮಾರು 5.7) ಮೂಲಕ ಹಾಗೆ ದಾಟುವುದು ಸುಮಾರು 80 ವ್ಯಾಟ್. ಅದೇ ಗಾಜಿನ ಮೂಲಕ ಬಿಸಿಲಾಗಿ ಬರುವುದು 1,000 ವ್ಯಾಟ್‌ಗೂ ಮೇಲೆ. ಹಗಲಿನ ಸೆಕೆಯೇ ತೊಂದರೆಯಾದರೆ ಎಸ್‌ಎಚ್‌ಜಿಸಿ ನೋಡಿ, ದೀರ್ಘ ಚಳಿಗಾಲವೇ ತೊಂದರೆಯಾದರೆ ಯು-ಮೌಲ್ಯ ನೋಡಿ. ಮತ್ತೊಂದು ಸೂಕ್ಷ್ಮ: ಯು-ಮೌಲ್ಯವನ್ನು ಸಾಮಾನ್ಯವಾಗಿ ನಿಂತ ಗಾಜಿಗೆ ಬರೆದಿರುತ್ತಾರೆ. ಮಲಗಿದ ಗಾಜಿನ ನಡುವಿನ ಗಾಳಿ ಚಳಿಗಾಲದಲ್ಲಿ ಹೆಚ್ಚು ಸುತ್ತುವುದರಿಂದ ಛಾವಣಿಯಲ್ಲಿ ಅದು ಅಷ್ಟು ಚೆನ್ನಾಗಿರುವುದಿಲ್ಲ.

ಗಾಜಿಗೆ ಹೋಗುವ ಮೊದಲು ಅಳತೆ. ವಾಸದ ಕೋಣೆಗೆ ಕಿಂಡಿ ನೆಲದ ವಿಸ್ತಾರದ ಶೇ 3ರಿಂದ 5 ಇದ್ದರೆ ಸಾಮಾನ್ಯವಾಗಿ ಸಾಕು. ನಮ್ಮ ಹಾಲ್ 16 ಚದರ ಮೀಟರ್. ಬಯಸಿದ 1.44 ಚದರ ಮೀಟರ್ ಎಂದರೆ ಶೇ 9. ಅದನ್ನು 0.9 ಮೀಟರ್ ಚದರಕ್ಕೆ ಇಳಿಸಿದರೆ 0.81 ಚದರ ಮೀಟರ್, ಶೇ 5. ಗಾಜು ಯಾವುದೇ ಆಗಿರಲಿ, ಇಷ್ಟರಿಂದಲೇ ಶಾಖ ಶೇ 44ರಷ್ಟು ಇಳಿಯಿತು.

ಕತ್ತಲಾಗುತ್ತದೆ ಎಂಬ ಭಯ ಬೇಡ. ನಡುಹಗಲಿನ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್. 0.81 ಚದರ ಮೀಟರ್ ಕಿಂಡಿಗೆ ಶೇ 60 ಬೆಳಕು ಬಿಡುವ ಗಾಜು ಹಾಕಿದರೂ ಒಳಗೆ ಬರುವುದು 48,000 ಲ್ಯೂಮೆನ್‌ಗೂ ಹೆಚ್ಚು. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಕೊಡುವುದು 900ರ ಆಸುಪಾಸು. ಅಂದರೆ 50 ಬಲ್ಬ್ ಉರಿಸಿದಂತೆ. ಅದರಲ್ಲಿ ಅರ್ಧದಷ್ಟು ಬೆಳಕು ಕಿಂಡಿಯ ಪಕ್ಕೆಗಳಲ್ಲಿ ಕಳೆದುಹೋದರೂ ಕಣ್ಣು ಕಿರಿದು ಮಾಡುವಷ್ಟು ಬೆಳಕು. ದಟ್ಟ ಮೋಡದ ದಿನ ಹೊರಗೆ 10,000 ಲಕ್ಸ್ ಇದ್ದರೆ ಐದು ಬಲ್ಬಿನಷ್ಟು. ಹಾಲ್‌ನಲ್ಲಿ ಓಡಾಡಲು ಅದೂ ಸಾಕು. ಬೆಳಕು ಹೆಚ್ಚಬೇಕಾದರೆ ಕಿಂಡಿ ಹಿಗ್ಗಿಸುವ ಬದಲು ಅದರ ಪಕ್ಕೆಗಳನ್ನು ಕೆಳಕ್ಕೆ ಅಗಲವಾಗುವಂತೆ ಓರೆ ಮಾಡಿ ಬಿಳಿ ಬಣ್ಣ ಬಳಿಸಿ.

## ಗಾಜಿನ ಹೋಲಿಕೆ

ಕೆಳಗಿನವು ಆಯಾ ಬಗೆಗೆ ಸಾಮಾನ್ಯವಾಗಿ ಕಾಣುವ ಅಂದಾಜು ಸಂಖ್ಯೆಗಳು. ಕೊಳ್ಳುವಾಗ ಆ ಗಾಜಿನದೇ ಮಾಹಿತಿ ಪತ್ರ ಕೇಳಿ. ಶಾಖದ ಲೆಕ್ಕ ಎರಡು ಅಳತೆಗೂ ನಡುಹಗಲಿನದು.

| ಬಗೆ | ಬೆಳಕು (ಶೇ) | ಎಸ್‌ಎಚ್‌ಜಿಸಿ | 1.2 ಮೀ ಚದರ | 0.9 ಮೀ ಚದರ |
|---|---|---|---|---|
| ಒಂಟಿ ಪಾರದರ್ಶಕ ಗಾಜು | 88 | 0.82 | 1,060 ವ್ಯಾಟ್ | 600 ವ್ಯಾಟ್ |
| ಜೋಡಿ ಪಾರದರ್ಶಕ ಗಾಜು | 78 | 0.70 | 910 ವ್ಯಾಟ್ | 510 ವ್ಯಾಟ್ |
| ಒಂಟಿ ಬೂದು ಬಣ್ಣದ ಗಾಜು | 44 | 0.60 | 780 ವ್ಯಾಟ್ | 440 ವ್ಯಾಟ್ |
| ಹಾಲುಬಿಳಿ ಪಾಲಿಕಾರ್ಬೊನೇಟ್, ಎರಡು ಪದರದ್ದು | 50 | 0.55 | 710 ವ್ಯಾಟ್ | 400 ವ್ಯಾಟ್ |
| ಜೋಡಿ ಗಾಜು, ಸೌರ ನಿಯಂತ್ರಣ ಲೇಪದ್ದು | 60 | 0.32 | 415 ವ್ಯಾಟ್ | 235 ವ್ಯಾಟ್ |

ಮೊದಲ ಎರಡು ಸಾಲು ನೋಡಿ. "ಜೋಡಿ ಗಾಜು ಹಾಕಿಸಿದ್ದೇವೆ, ಸೆಕೆ ಬರಲ್ಲ" ಎಂಬ ಮಾತು ಎಷ್ಟು ನಿಜ ಎಂದು ಗೊತ್ತಾಗುತ್ತದೆ. ಲೇಪವಿಲ್ಲದ ಜೋಡಿ ಗಾಜು ಚಳಿಗೆ ಒಳ್ಳೆಯದು, ಬಿಸಿಲಿಗೆ ಅದು ಬರಿ ಇನ್ನೊಂದು ಪಾರದರ್ಶಕ ಗಾಜು. ಬಣ್ಣದ ಗಾಜಿನ ಲೆಕ್ಕ ಇನ್ನೂ ವಿಚಿತ್ರ: ಬೆಳಕು ಅರ್ಧಕ್ಕೆ ಇಳಿಯಿತು, ಶಾಖ ಮಾತ್ರ ಕಾಲು ಭಾಗ ಇಳಿಯಿತು. ಏಕೆಂದರೆ ಬಣ್ಣದ ಗಾಜು ಶಾಖವನ್ನು ಹಿಂದಕ್ಕೆ ಕಳಿಸುವುದಿಲ್ಲ, ತಾನೇ ಕುಡಿಯುತ್ತದೆ. ಕುಡಿದದ್ದರಲ್ಲಿ ಒಂದು ಪಾಲನ್ನು ಕೋಣೆಗೆ ಬಿಡುತ್ತದೆ. ಮುಟ್ಟಿದರೆ ಕೈ ಸುಡುವಷ್ಟು ಕಾಯ್ದಿರುತ್ತದೆ, ಅಂಚು ಚೌಕಟ್ಟಿನ ನೆರಳಲ್ಲಿ ತಂಪಾಗಿರುತ್ತದೆ, ಈ ವ್ಯತ್ಯಾಸಕ್ಕೆ ಟೆಂಪರ್ ಮಾಡದ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡದ ಗಾಜು ಅಂಚಿನಿಂದ ಸೀಳುತ್ತದೆ. ಪಾರದರ್ಶಕ ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದಾಗಲೂ ಇದೇ ಅಪಾಯ.

ಸೌರ ನಿಯಂತ್ರಣ ಲೇಪ ಎಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಪದರಗಳು. ಬೆಳಕನ್ನು ಬಿಟ್ಟು, ಕಣ್ಣಿಗೆ ಕಾಣದ ಅವಕೆಂಪು ಶಾಖವನ್ನು ಹಿಂದಕ್ಕೆ ಹೊಡೆಯುತ್ತವೆ. ಬಿಸಿಲಿನ ಶಾಖದಲ್ಲಿ ಸರಿಸುಮಾರು ಅರ್ಧ ಈ ಅವಕೆಂಪಿನದೇ. ಹಾಗಾಗಿ ಬೆಳಕು ಶೇ 60 ಇದ್ದೂ ಶಾಖ ಮೂರನೇ ಒಂದಕ್ಕೆ ಇಳಿಯಲು ಸಾಧ್ಯ. ಇದರ ಮಿತಿಯೂ ಅಲ್ಲೇ ಇದೆ: ಬೆಳಕೂ ಒಳಗೆ ಬಿದ್ದು ಶಾಖವಾಗುತ್ತದೆ, ಆದ್ದರಿಂದ ಬೆಳಕು ಪೂರ್ತಿ ಬಿಟ್ಟು ಶಾಖ ಪೂರ್ತಿ ತಡೆಯುವ ಗಾಜು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಲೇಪ ಗಾಳಿ ತೇವಕ್ಕೆ ಕೆಡುವಂಥದ್ದು, ಅದಕ್ಕೇ ಜೋಡಿ ಗಾಜಿನ ಒಳಗೇ ಇರಬೇಕು.

ಪಾಲಿಕಾರ್ಬೊನೇಟ್ ಹಗುರ, ಆಲಿಕಲ್ಲಿಗೆ ಗಟ್ಟಿ, ಗುಮ್ಮಟದ ಆಕಾರದಲ್ಲಿ ತಂದರೆ ನಡುವೆ ಸಂದೇ ಇಲ್ಲ. ಕಾರಿಡಾರ್, ಉಗ್ರಾಣ, ಗ್ಯಾರೇಜ್‌ಗೆ ಅದು ಸರಿಯಾದ ಆಯ್ಕೆ. ಮಲಗುವ ಕೋಣೆಯ ಮೇಲೆ ಬೇಡ, ಮಳೆ ಹನಿ ತಮಟೆ ಬಡಿದಂತೆ ಕೇಳುತ್ತದೆ. ಅದರ ದೊಡ್ಡ ತೊಂದರೆ ಹಿಗ್ಗುವಿಕೆ. 1.2 ಮೀಟರ್ ಹಾಳೆ 50 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ಮಿಮೀ ಹಿಗ್ಗುತ್ತದೆ, ಅದೇ ಅಳತೆಯ ಗಾಜು ಅರ್ಧ ಮಿಮೀ ಮಾತ್ರ. ಸ್ಕ್ರೂ ತೂತನ್ನು ಸ್ಕ್ರೂಗಿಂತ ದೊಡ್ಡದಾಗಿ ಕೊರೆಯದಿದ್ದರೆ ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಬಂದು ಸೋರುತ್ತದೆ. ಅತಿನೇರಳೆ ಕಿರಣ ತಡೆಯುವ ಪದರ ಹೆಚ್ಚಿನ ಹಾಳೆಗಳಲ್ಲಿ ಒಂದೇ ಬದಿಗೆ ಇರುತ್ತದೆ. ಯಾವ ಬದಿ ಎಂದು ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬರೆದಿರುತ್ತದೆ. ಆ ಹೊದಿಕೆಯನ್ನು ಮೊದಲೇ ಕಿತ್ತು ತಲೆಕೆಳಗಾಗಿ ಕೂರಿಸಿದರೆ ಹಾಳೆ ಬೇಗನೆ ಹಳದಿಯಾಗಿ ಪುಡಿಯಾಗುತ್ತದೆ.

ಗಾಜೇ ಆದರೆ ಒಡೆದಾಗ ಏನಾಗುತ್ತದೆ ಎಂಬುದೂ ಆಯ್ಕೆಯ ಭಾಗ. ಟೆಂಪರ್ಡ್ ಗಾಜು ಸಣ್ಣ ಚೂರುಗಳಾಗಿ ಒಡೆಯುತ್ತದೆ ನಿಜ, ಆದರೆ ಆ ಚೂರುಗಳೆಲ್ಲ ತಲೆಯ ಮೇಲೆ ಸುರಿಯುತ್ತವೆ. ಗಾಜಿನೊಳಗೆ ನಿಕಲ್ ಸಲ್ಫೈಡ್ ಕಣ ಸಿಕ್ಕಿಕೊಂಡಿದ್ದರೆ ಯಾರೂ ಮುಟ್ಟದೆ ತಾನಾಗಿಯೂ ಒಡೆಯಬಹುದು. ಹಾಗಾಗಿ ತಲೆಯ ಮೇಲಿನ ಗಾಜಿನಲ್ಲಿ ಕೋಣೆಯ ಕಡೆಯದು ಲ್ಯಾಮಿನೇಟೆಡ್ ಆಗಿರಲೇಬೇಕು, ಅದರ ನಡುವಿನ ಪ್ಲಾಸ್ಟಿಕ್ ಪದರ ಚೂರುಗಳನ್ನು ಹಿಡಿದುಕೊಳ್ಳುತ್ತದೆ. ನಮ್ಮ ಹಾಲ್‌ಗೆ ನಾನು ಬರೆದುಕೊಡುವುದು ಹೀಗೆ: ಹೊರಗೆ 6 ಮಿಮೀ ಟೆಂಪರ್ಡ್ ಗಾಜು, ಅದರ ಒಳಮೈಗೆ ಸೌರ ನಿಯಂತ್ರಣ ಲೇಪ, ನಡುವೆ 12ರಿಂದ 16 ಮಿಮೀ ಅಂತರ, ಒಳಗೆ 4 ಮಿಮೀಯ ಎರಡು ಗಾಜು ಸೇರಿಸಿದ ಲ್ಯಾಮಿನೇಟೆಡ್ ಹಾಳೆ. 0.9 ಮೀಟರ್ ಚದರಕ್ಕೆ ಇದರ ತೂಕ 28 ಕೆಜಿಯಷ್ಟು, ಇಬ್ಬರು ಎತ್ತಬಹುದು. 1.2 ಮೀಟರ್ ಚದರವಾಗಿದ್ದರೆ 50 ಕೆಜಿ ದಾಟುತ್ತಿತ್ತು. ಕಿಂಡಿ ಚಿಕ್ಕದಾದ್ದರಿಂದ ವಾಲಿಗೆ ಬೇಕಾದ ಎತ್ತರವೂ ಇಳಿಯಿತು: ಒಂದು ಬದಿ 300, ಇನ್ನೊಂದು ಬದಿ 380 ಮಿಮೀ ಸಾಕು.

ಪಾರದರ್ಶಕ ಗಾಜನ್ನು ಈಗಾಗಲೇ ಹಾಕಿಸಿಕೊಂಡವರಿಗೆ ಫಿಲ್ಮ್‌ಗಿಂತ ಹೊರಗಿನ ನೆರಳು ಲೇಸು. ಗಾಜಿನಿಂದ 200ರಿಂದ 300 ಮಿಮೀ ಮೇಲೆ, ಗಾಳಿ ಆಡುವಂತೆ ಚೌಕಟ್ಟು ನಿಲ್ಲಿಸಿ ಬೇಸಿಗೆಯಲ್ಲಿ ನೆರಳುಬಲೆ ಕಟ್ಟಿದರೆ ಶಾಖ ಗಾಜನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಒಳಗಿನ ಪರದೆ ಕಣ್ಣಿಗೆ ತಂಪು. ಆದರೆ ಅಷ್ಟರಲ್ಲಿ ಶಾಖ ಗಾಜು ದಾಟಿ ಬಂದಾಗಿರುತ್ತದೆ. ಬಿಳಿ ಪರದೆ ಒಂದು ಪಾಲನ್ನು ಹೊರಕ್ಕೆ ಪ್ರತಿಫಲಿಸಬಹುದು, ಉಳಿದದ್ದು ಕೋಣೆಯಲ್ಲೇ ಸುತ್ತುತ್ತದೆ. ಇಂಥ ನೆರಳಿನ ಚೌಕಟ್ಟಿನ ಕಾಲುಗಳನ್ನು ಮಾತ್ರ ಹಾಳೆ ತೂತು ಮಾಡಿ ಊರಬೇಡಿ.

ಹೆಂಚಿನ ಇಳಿಜಾರು ಛಾವಣಿಯವರಿಗೆ ಗಾಜಿನ ಮಾತೆಲ್ಲ ಹೀಗೆಯೇ ಅನ್ವಯಿಸುತ್ತದೆ, ಕಟ್ಟೆಯದು ಬೇರೆ. ಅಲ್ಲಿ ರೂಫ್ ವಿಂಡೋ ಹೆಂಚಿನ ಸಾಲಿನಲ್ಲೇ ಕೂರುತ್ತದೆ, ನೀರು ತಡೆಯುವುದು ಅದರ ಜೊತೆ ಬರುವ ತಗಡಿನ ಫ್ಲಾಶಿಂಗ್. ಹೆಚ್ಚಿನವು 15 ಡಿಗ್ರಿಗಿಂತ ಕಡಿಮೆ ಇಳಿಜಾರಿಗೆ ಆಗುವುದಿಲ್ಲ. ಫ್ಲಾಶಿಂಗ್ ಆಯಾ ಹೆಂಚಿನ ಅಲೆಯ ಎತ್ತರಕ್ಕೆ ಹೊಂದುವಂಥದ್ದೇ ಬೇಕು, ಚಪ್ಪಟೆ ಹೆಂಚಿನದನ್ನು ಅಲೆ ಹೆಂಚಿಗೆ ಬಗ್ಗಿಸಿ ಕೂರಿಸಿದರೆ ಪಕ್ಕದಿಂದ ಸೋರುತ್ತದೆ. ಮೇಲಂಚಿನ ತಗಡಿನ ಕಾಲುವೆಯಲ್ಲಿ ಎಲೆ ಕಸ ತುಂಬಿದರೆ ನೀರು ಹೆಂಚಿನಡಿಗೆ ನುಗ್ಗುತ್ತದೆ. ಮಳೆಗಾಲದ ಮುಂಚೆ ಅದನ್ನು ಬಳಿದು ತೆಗೆಯಿರಿ.

ಕೊನೆಯದಾಗಿ, ಗಾಜು ಬಂದಿಳಿದ ದಿನ ಮಾಡಬೇಕಾದ ಒಂದು ಪರೀಕ್ಷೆ. ಲೇಪ ಇದೆಯೋ ಇಲ್ಲವೋ, ಇದ್ದರೆ ಯಾವ ಮೈಯಲ್ಲಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಹೊರಕ್ಕೆ ಬರುವ ಮೈಯ ಮುಂದೆ ಲೈಟರ್ ಹಚ್ಚಿ ಹಿಡಿದು ಓರೆಯಾಗಿ ನೋಡಿ. ಜೋಡಿ ಗಾಜಿನಲ್ಲಿ ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣುತ್ತವೆ. ನಾಲ್ಕೂ ಒಂದೇ ಬಣ್ಣದ್ದಾಗಿದ್ದರೆ ಲೇಪವೇ ಇಲ್ಲ. ನಿಮ್ಮ ಕಡೆಯಿಂದ ಎರಡನೆಯದು ಬೇರೆ ಬಣ್ಣದ್ದಾಗಿದ್ದರೆ ಲೇಪ ಸರಿಯಾದ ಮೈಯಲ್ಲಿದೆ. ಮೂರನೆಯದು ಬೇರೆ ಬಣ್ಣದ್ದಾಗಿದ್ದರೆ ಗಾಜು ತಲೆಕೆಳಗಾಗಿದೆ, ಇಲ್ಲವೇ ಲೇಪ ಒಳಗಿನ ಹಾಳೆಗೆ ಬಿದ್ದಿದೆ. ಹೊರಗಿನದು ಟೆಂಪರ್ಡ್, ಒಳಗಿನದು ಲ್ಯಾಮಿನೇಟೆಡ್ ಆದ್ದರಿಂದ ಅಂಚು ನೋಡಿದರೆ ಯಾವುದು ಯಾವ ಬದಿ ಎಂದು ತಿಳಿಯುತ್ತದೆ. ತಿರುವಿ ಕೂರಿಸಿ ಸರಿಪಡಿಸೋಣ ಎಂದರೆ ಲ್ಯಾಮಿನೇಟೆಡ್ ಹಾಳೆ ಹೊರಗೆ ಹೋಗಿಬಿಡುತ್ತದೆ. ಲೇಪ ಒಳಗಿನ ಹಾಳೆಗೆ ಬಿದ್ದಿರುವ ಗಾಜನ್ನು ಛಾವಣಿಗೆ ಏರಿಸದೆ ವಾಪಸ್ ಕಳಿಸಿ.